ಫುಲ್ ಸೌಂಡ್ ಇಟ್ಟರೂ ಹೆಡ್‌ಫೋನ್ ಮೆಲ್ಲಗೆ ಯಾಕೆ?

ಗದಗಿನಿಂದ ಧಾರವಾಡಕ್ಕೆ ಹಾಡು ಕಲಿಯಲು ಬರುವ ಹುಡುಗನೊಬ್ಬ ಕಳೆದ ತಿಂಗಳು ಹೆಡ್‌ಫೋನ್ ಹಿಡಿದುಕೊಂಡು ನನ್ನ ರೆಕಾರ್ಡಿಂಗ್ ಕೋಣೆಗೆ ಬಂದ. ಸ್ಟುಡಿಯೋದವರು ಬಳಸುವ ಮಾಲು, ಯಾರಿಂದಲೋ ಸೆಕೆಂಡ್‌ಹ್ಯಾಂಡ್ ಕೊಂಡಿದ್ದು. "ಫುಲ್ ಸೌಂಡ್ ಇಟ್ರೂ ಆಲಾಪ ಕೇಳಸವಲ್ದ್ರಿ ಸರ, ಕೆಟ್ಟೈತೇನ್ರಿ?" ಎಂದ. ನನ್ನ ಮಿಕ್ಸರಿಗೆ ಹಚ್ಚಿದರೆ ಚೊಲೋ ಹಾಡಿತು. ಕೆಟ್ಟಿರಲಿಲ್ಲ, ಫೋನಿಗೂ ಅದಕ್ಕೂ ಜೋಡಿ ಕೂಡಿರಲಿಲ್ಲ. ನಿಮ್ಮದೂ ಹೀಗೇ ಇದ್ದರೆ ರಿಪೇರಿಗೆ ಕೊಡುವ ಮೊದಲು ಒಂದಿಷ್ಟು ಲೆಕ್ಕ ಮಾಡಿ ನೋಡಿ.

ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೌಂಡಿಗೆ ಮಿತಿ ಹಾಕಿದೆಯೇ ನೋಡಿ, ಜ್ಯಾಕಿನೊಳಗಿನ ಧೂಳು ತೆಗೆಯಿರಿ. ಒಂದೇ ಕಿವಿಗೆ ಮೆಲ್ಲಗಿದ್ದರೆ ಅದು ಹೆಚ್ಚಾಗಿ ವೈರಿನದೋ ಪಿನ್ನಿನದೋ ತೊಂದರೆ. ಎರಡೂ ಕಿವಿಗೆ ಸರಿಸಮನಾಗಿ, ಸ್ವಚ್ಛವಾಗಿ, ಆದರೆ ಮೆಲ್ಲಗೆ ಕೇಳಿದರೆ ಮಾತ್ರ ಮುಂದಿನದು ಬೇಕು.

ಈಗ ಹೆಡ್‌ಫೋನಿನ ಡಬ್ಬಿ ತಿರುವಿ ಎರಡು ಅಂಕಿ ಹುಡುಕಿ. ಓಮ್ (Ω) ಎಂದಿರುವುದು ಇಂಪಿಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ. ಡೆಸಿಬಲ್‌ನಲ್ಲಿ ಇರುವುದು ಸೆನ್ಸಿಟಿವಿಟಿ, ಅಂದರೆ ಇಂತಿಷ್ಟು ಎಂದು ಗೊತ್ತುಮಾಡಿದ ವಿದ್ಯುತ್ ಕೊಟ್ಟರೆ ಎಷ್ಟು ಜೋರಾಗಿ ಹಾಡುತ್ತದೆ ಎನ್ನುವುದು. ಹುಡುಗನ ಡಬ್ಬಿಯ ಮೇಲೆ 250 ಓಮ್, 96 dB/mW ಎಂದಿತ್ತು. ಬಹಳ ಮಂದಿ ಎಡವುವುದು ಇಲ್ಲಿಯೇ. ಕೆಲವು ಕಂಪನಿಗಳು ಒಂದು ಮಿಲಿವ್ಯಾಟಿಗೆ ಇಷ್ಟು (dB/mW) ಎಂದು ಬರೆದರೆ, ಕೆಲವು ಒಂದು ವೋಲ್ಟಿಗೆ ಇಷ್ಟು (dB/V) ಎಂದು ಬರೆಯುತ್ತವೆ. ಎರಡನ್ನೂ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಫೋನು ಕೊಡುವುದು ವೋಲ್ಟೇಜು, ಆದ್ದರಿಂದ ಎಲ್ಲವನ್ನೂ ವೋಲ್ಟಿನ ಲೆಕ್ಕಕ್ಕೆ ತಂದುಕೊಳ್ಳಬೇಕು. ಮಿಲಿವ್ಯಾಟಿನ ಅಂಕಿಗೆ 16 ಓಮಿನದಾದರೆ 18, 32ರದಾದರೆ 15, 250ರದಾದರೆ 6 ಕೂಡಿಸಿ. ಹುಡುಗನದು 102 ಆಯಿತು. ಫೋನಿನ ಜೊತೆ ಬಳಸುತ್ತಿದ್ದ ಅವನ ಹಳೆಯ ಇಯರ್‌ಫೋನು 16 ಓಮ್, 100 dB/mW, ಅದು 118.

ಮುಂದೆ ಫೋನು ಎಷ್ಟು ವೋಲ್ಟ್ ಕೊಡುತ್ತದೆ ಎಂದು ಅಳೆಯಿರಿ. ಹೆಡ್‌ಫೋನ್ ತೆಗೆದಿಟ್ಟು, ಜ್ಯಾಕಿಗೆ ಆಕ್ಸ್ ವೈರ್ ಹಾಕಿ, ಟೋನ್ ಜನರೇಟರ್ ಆ್ಯಪಿನಲ್ಲಿ 50 ಹರ್ಟ್ಜ್ ಸೈನ್ ಟೋನ್ ಹಚ್ಚಿ, ಆ್ಯಪಿನಲ್ಲೂ ಫೋನಿನಲ್ಲೂ ಸೌಂಡ್ ಪೂರ್ತಿ ಏರಿಸಿ. ವೈರಿನ ಇನ್ನೊಂದು ತುದಿಯ ಪಿನ್ನಿನ ಮೊನೆಗೂ ಬುಡಕ್ಕೂ ಮಲ್ಟಿಮೀಟರಿನ ಕಡ್ಡಿ ಮುಟ್ಟಿಸಿ. ಟೋನು 50 ಹರ್ಟ್ಜೇ ಇರಲಿ. ಸಾದಾ ಮೀಟರುಗಳು ಮನೆಯ ಕರೆಂಟಿಗೆಂದು ಮಾಡಿದವು, ಅದಕ್ಕಿಂತ ಬಹಳ ಮೇಲೆ ಹೋದರೆ ತಪ್ಪು ತೋರಿಸಬಹುದು. ಎ.ಸಿ. 200 ವೋಲ್ಟಿನಿಂದ ಶುರುವಾಗುವ ಅಗ್ಗದ ಮೀಟರಿನಲ್ಲಿ ಅರ್ಧ ವೋಲ್ಟು ಸರಿಯಾಗಿ ಕಾಣದು. ಎ.ಸಿ. 2 ವೋಲ್ಟ್ ಇರುವ, ಇಲ್ಲವೇ ತಾನೇ ರೇಂಜ್ ಹೊಂದಿಸಿಕೊಳ್ಳುವ ಮೀಟರು ಬೇಕು. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಕಡೆ ಕೊಳ್ಳುವಾಗ ಡಯಲ್ ನೋಡಿಯೇ ತೆಗೆದುಕೊಳ್ಳಿ.

ಹುಡುಗನ ಫೋನು ತೋರಿಸಿದ್ದು 0.5 ವೋಲ್ಟ್. ವೋಲ್ಟು ಅರ್ಧಕ್ಕಿಳಿದರೆ 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಅವನ ಹೆಡ್‌ಫೋನ್ ಅತಿ ಜೋರೆಂದರೆ 96, ಇಯರ್‌ಫೋನು 112. ಅರ್ಧ ವೋಲ್ಟಿಗೆ 250 ಓಮಿನೊಳಗೆ ಹೋಗುವುದು ಬರೀ 1 ಮಿಲಿವ್ಯಾಟ್. 16 ಓಮಿನೊಳಗೆ 15ಕ್ಕೂ ಹೆಚ್ಚು.

96 ಸಾಲದೇ ಎನ್ನಬಹುದು. ಅದು ಟೋನಿನ ತುತ್ತತುದಿ. ಸಿನಿಮಾ ಹಾಡನ್ನು ಒತ್ತಿ ಒತ್ತಿ ಆ ತುದಿಯ ಹತ್ತಿರವೇ ಇಟ್ಟಿರುತ್ತಾರೆ, ಅದು ಇದೇ ಹೆಡ್‌ಫೋನಿನಲ್ಲೂ ನಡೆದೀತು. ಖಯಾಲಿನ ಧ್ವನಿಮುದ್ರಣದಲ್ಲಿ ತಾನಿಗೂ ತಬಲಾದ ಪೆಟ್ಟಿಗೂ ಜಾಗ ಬಿಟ್ಟಿರುತ್ತಾರೆ. ವಿಲಂಬಿತದ ಆಲಾಪ ತುದಿಗಿಂತ 30 ಡೆಸಿಬಲ್ ಕೆಳಗಿದ್ದರೆ ಕಿವಿಗೆ ಸಿಗುವುದು 66, ಎದುರು ಕೂತು ಮಾತಾಡಿದಷ್ಟು. ಫ್ಯಾನು ತಿರುಗುತ್ತಿದ್ದರೆ ತಂಬೂರಿಯ ಝೇಂಕಾರ ಅದರಲ್ಲೇ ಮುಳುಗೀತು.

ಓಮ್ ಕಡಿಮೆ ಇದ್ದರೆ ಸಾಕೆಂದು ಅಂಗಡಿಯಲ್ಲಿ ಹೇಳುತ್ತಾರೆ, ಒಪ್ಪಬೇಡಿ. ಪ್ಲೇನರ್ ಜಾತಿಯ ಹೆಡ್‌ಫೋನೊಂದು 40 ಓಮ್, 88 dB/mW ಇದ್ದರೆ, 14 ಕೂಡಿಸಿದಾಗ ಬರುವುದು ಅದೇ 102. ಫೋನಿಗೆ ಅದೂ ಅಷ್ಟೇ ಮೆಲ್ಲಗೆ. ಮೇಲಾಗಿ ಅದು ಆರು ಪಟ್ಟು ಕರೆಂಟು ಎಳೆಯುವುದರಿಂದ ಜೋರು ಮಾಡಿದಾಗ ತಬಲಾದ ಎಡಗೈ ಒಡೆದು ಕೇಳಬಹುದು.

ಹುಡುಗನಿಗೆ, ಫೋನಿನ ಚಾರ್ಜಿಂಗ್ ಜಾಗಕ್ಕೆ ಹಚ್ಚಿ ಹೆಡ್‌ಫೋನ್ ಜೋಡಿಸುವ, 2 ವೋಲ್ಟ್ ಕೊಡುವ ಪುಟ್ಟ ಯುಎಸ್‌ಬಿ ಡಾಂಗಲ್ ಸಾಕಾಯಿತು. ನಾಲ್ಕು ಪಟ್ಟು ವೋಲ್ಟೆಂದರೆ 12 ಡೆಸಿಬಲ್ ಮೇಲೆ, 66 ಇದ್ದದ್ದು 78. ಕಣ್ಣು ಮುಚ್ಚಿ ಕೇಳಿದವನು ತಂಬೂರಿಯ ನಾಲ್ಕೂ ತಂತಿ ಎಣಿಸಿದ. ಅವನಿಗೆ ಹೇಳಿ ಕಳಿಸಿದ್ದು ಇಷ್ಟು: ಈ ಡಾಂಗಲ್‌ಗೆ ಹಳೆಯ ಇಯರ್‌ಫೋನ್ ಹಾಕುವ ಮೊದಲು ಸೌಂಡ್ ಪೂರ್ತಿ ಇಳಿಸು, ಲೆಕ್ಕದ ಪ್ರಕಾರ ಅದು 124ರವರೆಗೆ ಹೋದೀತು.