‘ಚೆಕ್’ ಎಂದು ಬಂದ ಲೆಕ್ಕದಲ್ಲಿ ಮೊದಲ ತಪ್ಪು ಸಾಲನ್ನು ಹುಡುಕುವುದು ಹೇಗೆ?

ರಾತ್ರಿ ಒಂಬತ್ತೂವರೆಗೆ ತೀರ್ಥಹಳ್ಳಿಯಿಂದ ಅಕ್ಕನ ಮಗಳ ಫೋಟೊ ಬರುತ್ತದೆ. ನೋಟ್‌ಬುಕ್ಕಿನ ಒಂದು ಪುಟ, ಮೂಲೆಯಲ್ಲಿ ಅವಳ ಹೆಬ್ಬೆರಳು, ಕೆಳಗೆ ಒಂದೇ ಪದ: ‘ಚೆಕ್’. ಇಂಥ ಫೋಟೊ ಬಂದಾಗ ಹೆಚ್ಚಿನ ಹಿರಿಯರು ಮಾಡುವುದನ್ನು ನೋಡಿದ್ದೇನೆ. ಹಾಳೆ ತೆಗೆದು ಇಡೀ ಲೆಕ್ಕವನ್ನು ತಾವೇ ಬಿಡಿಸಿ, ಅದರ ಫೋಟೊ ತೆಗೆದು ವಾಪಸ್ ಕಳಿಸುತ್ತಾರೆ. ಹುಡುಗಿ ಅದನ್ನು ಪ್ರತಿ ಮಾಡಿಕೊಂಡು ಮಲಗುತ್ತಾಳೆ. ಅವಳು ಎಡವಿದ್ದು ಎಲ್ಲಿ ಎಂಬುದು ಅವಳಿಗೂ ತಿಳಿಯುವುದಿಲ್ಲ, ಬಿಡಿಸಿದವರಿಗೂ ತಿಳಿಯುವುದಿಲ್ಲ.

ಮೊದಲು ಪ್ರಶ್ನೆಯ ಫೋಟೊವನ್ನೂ ತರಿಸಿಕೊಳ್ಳಿ. ಪ್ರಶ್ನೆ ಇಲ್ಲದೆ ಉತ್ತರ ನೋಡಲು ಕೂರಬೇಡಿ. 60 ಅನ್ನು 80 ಎಂದು ಬರೆದುಕೊಂಡಿದ್ದರೆ ಕೆಳಗಿನದೆಲ್ಲ ಸರಿಯಾಗಿಯೇ ಇರುತ್ತದೆ.

ಫೋಟೊ ಒಳ್ಳೆಯ ಬೆಳಕಿನಲ್ಲಿ ತೆಗೆದ ಸಾದಾ ಫೋಟೊ ಆಗಿರಲಿ. ಪುಟವನ್ನು ಅಚ್ಚ ಕಪ್ಪು ಬಿಳುಪು ಮಾಡಿಕೊಡುವ ಸ್ಕ್ಯಾನಿಂಗ್ ಆ್ಯಪ್‌ಗಳನ್ನು ನಾನು ಮನೆಯಲ್ಲಿ ನಿಷೇಧಿಸಿದ್ದೇನೆ. ತೆಳ್ಳಗೆ ಬರೆದ ಗೆರೆಯನ್ನು ಅವು ಕಲೆಯೆಂದು ತಿಳಿದು ಅಳಿಸಿಬಿಡುತ್ತವೆ. ಪ್ಲಸ್ಸಿನ ನಿಂತ ಗೆರೆ ಹೋದರೆ ಉಳಿಯುವುದು ಮೈನಸ್. ಮೈನಸ್ಸೇ ಪುಟದ ನೀಲಿ ಗೆರೆಯ ಮೇಲೆ ಕೂತಿದ್ದರಂತೂ ಏನೂ ಉಳಿಯುವುದಿಲ್ಲ.

ಮೊನ್ನೆ ಬಂದ ಲೆಕ್ಕ ಇದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರ್. ಬಸ್ಸು ಗಂಟೆಗೆ 10 ಕಿಲೋಮೀಟರ್ ಹೆಚ್ಚು ವೇಗವಾಗಿ ಹೋದರೆ ಅರ್ಧ ಗಂಟೆ ಮೊದಲೇ ತಲುಪುತ್ತದೆ. ಹಾಗಾದರೆ ಬಸ್ಸಿನ ವೇಗ ಎಷ್ಟು? ಅವಳು ಬರೆದದ್ದು ಹೀಗಿತ್ತು. ಸಾಲಿನ ಸಂಖ್ಯೆಗಳನ್ನು ಹಾಕಿದ್ದು ನಾನು. ನೀವೂ ಹಾಕಿಕೊಳ್ಳಿ, ಮುಂದೆ ಅದು ಬೇಕಾಗುತ್ತದೆ.

```
1)  60/x − 60/(x+10) = 1/2
2)  (60x + 600 − 60x) / x(x+10) = 1/2
3)  600/(x² + 10x) = 1/2
4)  1200 = x² + 10x
5)  1200 − x² − 10x = 0
6)  x² − 10x − 1200 = 0
7)  (x − 40)(x + 30) = 0
8)  x = 40
```

ಗಂಟೆಗೆ 40 ಕಿಲೋಮೀಟರ್ ಎಂದರೆ ಮಂಡಗದ್ದೆಯ ರಸ್ತೆಯಲ್ಲಿ ನಂಬಬಹುದಾದ ವೇಗವೇ. ಆದ್ದರಿಂದ ಕಣ್ಣಿಗೆ ಕಂಡದ್ದನ್ನು ನಂಬದೆ ಪ್ರಶ್ನೆಯ ಮಾತಿಗೇ ಹಚ್ಚಿ ನೋಡಬೇಕು. 40ರ ವೇಗದಲ್ಲಿ 60 ಕಿಲೋಮೀಟರಿಗೆ ಒಂದೂವರೆ ಗಂಟೆ, 50ರ ವೇಗದಲ್ಲಿ 1.2 ಗಂಟೆ. ವ್ಯತ್ಯಾಸ 0.3 ಗಂಟೆ. ಬೇಕಾದದ್ದು 0.5. ಉತ್ತರ ತಪ್ಪು. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಜನ ಎಡವುವುದು ಇಲ್ಲಿಂದ ಮುಂದೆ. ಮೇಲಿನಿಂದ ಒಂದೊಂದೇ ಸಾಲು ಓದುತ್ತಾ ‘ಇದು ಸರಿ, ಇದು ಸರಿ’ ಎಂದು ಇಳಿಯುತ್ತಾರೆ. ಬರೆದವಳ ಕೈಬರಹದ ಹಿಂದೆಯೇ ಹೋಗುವ ಕಣ್ಣು ಅವಳು ಜಾರಿದಲ್ಲೇ ಜಾರುತ್ತದೆ. ಹಾಗೆ ಮಾಡುವ ಬದಲು ಅವಳ ತಪ್ಪು ಉತ್ತರವನ್ನೇ ಸಾಕ್ಷಿಗೆ ಕರೆಯಿರಿ. 40 ಎಂಬುದು ಕೊನೆಯ ಸಾಲಿಗೆ ಒಪ್ಪುತ್ತದೆ, ಮೊದಲ ಸಾಲಿಗೆ ಒಪ್ಪುವುದಿಲ್ಲ. ಅಂದಮೇಲೆ ನಡುವೆ ಎಲ್ಲೋ ಒಂದು ಕಡೆ ಒಪ್ಪದ ಸಾಲಿನ ಕೆಳಗೆ ಒಪ್ಪುವ ಸಾಲು ಇರಲೇಬೇಕು. ಸರಿಯಾದ ಉತ್ತರ ಏನೆಂದು ನಿಮಗೆ ಗೊತ್ತಿರಬೇಕಾಗಿಯೂ ಇಲ್ಲ.

ನೇರವಾಗಿ ನಡುವಿನ ಸಾಲಿಗೆ ಹೋಗಿ. 4ನೇ ಸಾಲಿನಲ್ಲಿ x ಇದ್ದಲ್ಲಿ 40 ಹಾಕಿದರೆ ಬಲಗಡೆ 1600 + 400, ಅಂದರೆ 2000. ಎಡಗಡೆ 1200. ಒಪ್ಪಲಿಲ್ಲ, ಹಾಗಾಗಿ ಕೆಳಗೆ ಹುಡುಕಬೇಕು. 6ನೇ ಸಾಲಿನಲ್ಲಿ 1600 − 400 − 1200, ಸರಿಯಾಗಿ ಸೊನ್ನೆ. ಒಪ್ಪಿತು. ಉಳಿದದ್ದು 5ನೇ ಸಾಲು: 1200 − 1600 − 400, ಅಂದರೆ −800. ಒಪ್ಪಲಿಲ್ಲ. ತಪ್ಪು 5ರಿಂದ 6ಕ್ಕೆ ಇಳಿಯುವಾಗ ಆಗಿದೆ. ಮೂರು ಸಲ 40 ಹಾಕಿದ್ದಷ್ಟೇ, ಸಮೀಕರಣವನ್ನು ಬಿಡಿಸಲೇ ಇಲ್ಲ.

ಎಲ್ಲ ಪದಗಳ ಚಿಹ್ನೆ ಬದಲಿಸಲು ಹೊರಟವಳು 1200 ಮತ್ತು x² ಎರಡನ್ನೂ ಬದಲಿಸಿ, 10xನ ಮೈನಸ್ಸನ್ನು ಮಾತ್ರ ಹಾಗೇ ಬಿಟ್ಟಿದ್ದಾಳೆ. ಆದರೆ ಅವಳ ಮೇಲೆ ಅಪವಾದ ಹೊರಿಸುವ ಮುನ್ನ ಫೋಟೊವನ್ನು ಅನುಮಾನಿಸಬೇಕು. ಅದು ಪ್ಲಸ್ಸೇ ಇದ್ದು ನಿಂತ ಗೆರೆ ಮಾಸಿದ್ದರೆ? ಇದಕ್ಕೆ ಮುಂದಿನ ಸಾಲನ್ನು ಕೇಳಿ. ಪ್ಲಸ್ ಇದ್ದಿದ್ದರೆ ಅಪವರ್ತನ (x + 40)(x − 30) ಆಗುತ್ತಿತ್ತು. ಅವಳು ಬರೆದದ್ದು (x − 40)(x + 30). ಅವಳ ಮನಸ್ಸಿನಲ್ಲಿದ್ದದ್ದೂ ಮೈನಸ್ಸೇ.

ಇನ್ನೊಂದು ಅನುಮಾನ ಉಳಿಯುತ್ತದೆ. ಹೀಗೆ ಸಿಕ್ಕಿದ್ದು ಒಂದು ತಪ್ಪು ಸಾಲು, ನಿಜ. ಅದೇ ಮೊದಲನೆಯದು ಎಂದು ಹೇಗೆ ಹೇಳುವುದು? ಮೇಲೆ ಮತ್ತೊಂದು ಇರಬಹುದಲ್ಲ? ಅದಕ್ಕೂ 40 ಸಾಕು. ಮೊದಲ ಮೂರು ಸಾಲುಗಳಲ್ಲಿ ಅವಳು ಎಡಬದಿಯನ್ನು ಮಾತ್ರ ಸುಲಭ ಮಾಡುತ್ತಾ ಬಂದಿದ್ದಾಳೆ, ಬಲಗಡೆಯ ಅರ್ಧವನ್ನು ಮುಟ್ಟಿಲ್ಲ. ಆದ್ದರಿಂದ ಎಡಬದಿಯ ಬೆಲೆ ಬದಲಾಗಕೂಡದು. ಮೊದಲ ಸಾಲಿನಲ್ಲಿ ಅದು 0.3 ಇತ್ತು. ಮೂರನೇ ಸಾಲಿನಲ್ಲಿ 600/2000, ಮತ್ತೆ 0.3. ಮೇಲಿನ ಭಾಗ ಸರಿಯಿದೆ ಎಂದು ಇಟ್ಟುಕೊಳ್ಳಬಹುದು. 3ರಿಂದ 4ಕ್ಕೆ ಬಂದದ್ದು ಬರೀ ಅಡ್ಡ ಗುಣಾಕಾರ, 4ರಿಂದ 5ಕ್ಕೆ ಬಂದದ್ದು ಪದಗಳ ಪಕ್ಷಾಂತರ. ಇವೆರಡನ್ನು ಕಣ್ಣಲ್ಲಿ ನೋಡಿದರೆ ಸಾಕು.

ಸಮೀಕರಣವೇ ಇಲ್ಲದ, ಬರೀ ‘ಸುಲಭೀಕರಿಸಿ’ ಎನ್ನುವ ಲೆಕ್ಕಗಳಿಗೂ ಇದೇ ಉಪಾಯ. ಯಾವುದಾದರೂ ಸಂಖ್ಯೆ ಹಾಕಿ, ಸಾಲಿನಿಂದ ಸಾಲಿಗೆ ಬೆಲೆ ಉಳಿಯುತ್ತದೆಯೇ ನೋಡಿ. ನಾನು ಹಾಕುವುದು 3. ಸೊನ್ನೆ ಮತ್ತು ಒಂದನ್ನು ಹಾಕಲೇಬೇಡಿ: ಅಲ್ಲಿ x ಮತ್ತು x² ಎರಡೂ ಒಂದೇ ಆಗಿ ತಪ್ಪನ್ನು ಮುಚ್ಚಿಡುತ್ತವೆ. 2 ಕೂಡ ನಂಬಿಕಸ್ಥನಲ್ಲ, ಅಲ್ಲಿ x² ಮತ್ತು 2x ಎರಡೂ 4.

ಈ ಉಪಾಯ ಕೈಕೊಡುವ ಜಾಗಗಳೂ ಇವೆ. ಉತ್ತರ ಮೊದಲ ಸಾಲಿಗೂ ಒಪ್ಪಿ, ಪ್ರಶ್ನೆಯ ಮಾತಿಗೆ ಮಾತ್ರ ಒಪ್ಪದಿದ್ದರೆ ತಪ್ಪು ಸಮೀಕರಣ ಬರೆಯುವಾಗಲೇ ಆಗಿರುತ್ತದೆ. ಅರ್ಧ ಗಂಟೆಯನ್ನು 30 ನಿಮಿಷ ಮಾಡಿ, ಬಲಗಡೆ 30 ಎಂದು ಬರೆಯುವ ಮಕ್ಕಳು ಬೇಕಾದಷ್ಟು. ಆಗ ಬಸ್ಸಿನ ವೇಗ ಗಂಟೆಗೆ ಎರಡು ಕಿಲೋಮೀಟರಿಗಿಂತ ಕಡಿಮೆ ಬರುತ್ತದೆ, ದನ ಹೊಡೆದುಕೊಂಡು ಹೋಗುವವನೂ ಅದನ್ನು ಹಿಂದೆ ಹಾಕುತ್ತಾನೆ. ಇನ್ನು x² = 5x ಎಂಬಲ್ಲಿ ಎರಡೂ ಕಡೆ xನಿಂದ ಭಾಗಿಸಿ x = 5 ಎಂದು ಬರೆದವರ ಉತ್ತರ ಎಲ್ಲ ಸಾಲಿಗೂ ಒಪ್ಪುತ್ತದೆ. ಕಳೆದುಹೋದದ್ದು x = 0 ಎಂಬ ಇನ್ನೊಂದು ಉತ್ತರ. ಹೀಗೆ ಬಿಟ್ಟುಹೋದದ್ದನ್ನು ಈ ಉಪಾಯ ತೋರಿಸುವುದಿಲ್ಲ. xನಿಂದ ಭಾಗಿಸಿದ್ದು ಕಂಡರೆ ಅಲ್ಲೇ ಬೆರಳಿಡಿ.

ಉತ್ತರ ಕಳಿಸುವಾಗ ಕೆಳಗಿನ ಸಾಲುಗಳಿಗೆಲ್ಲ ಕೆಂಪು ಗೀಟು ಎಳೆಯಬೇಡಿ. 6ನೇ ಸಾಲನ್ನು ಒಪ್ಪಿಕೊಂಡರೆ 7 ಮತ್ತು 8 ಸರಿಯಾಗಿಯೇ ಬಂದಿವೆ. ಅಪವರ್ತನ ಅವಳಿಗೆ ಚೆನ್ನಾಗಿ ಬರುತ್ತದೆ. ನಾನು ಬರೆದದ್ದು ಇಷ್ಟೇ: ‘5ರಿಂದ 6ಕ್ಕೆ ಬರುವಾಗ ಮೂರು ಪದಗಳಿಗೂ ಏನು ಮಾಡಿದೆ, ಒಂದೊಂದಾಗಿ ಹೇಳು.’

ಹತ್ತು ನಿಮಿಷ ಉತ್ತರವಿಲ್ಲ. ಆಮೇಲೆ ಬಂದ ಫೋಟೊದಲ್ಲಿ x = 30 ಎಂದಿತ್ತು. ಅದರ ಪಕ್ಕದಲ್ಲಿ ಸಣ್ಣದಾಗಿ, 2 ಗಂಟೆ − 1.5 ಗಂಟೆ = 0.5 ಗಂಟೆ. ಈ ಸಲ ಕೆಳಗೆ ‘ಚೆಕ್’ ಇರಲಿಲ್ಲ, ‘ಚಿಕ್ಕಮ್ಮ, ಮಲಗುತ್ತೇನೆ’ ಎಂದಿತ್ತು.