ಪ್ರಬಂಧ ಆಹ್ವಾನ ತಿದ್ದುವುದು ಹೇಗೆ? ದಿನಾಂಕದಿಂದ ಶುರು ಮಾಡಿ

‘ನಗರ ಮತ್ತು ನೀರು’ ಎಂಬ ವಿಚಾರ ಸಂಕಿರಣದ ಪ್ರಬಂಧ ಆಹ್ವಾನ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಅರ್ಧ ಪುಟ ಆಯೋಜಕರ ಪರಿಚಯ. ಆಮೇಲೆ 26 ಉಪವಿಷಯ, ಕೊನೆಗೆ ‘ಇತ್ಯಾದಿ’. ಗಡುವು ಒಂದು ಕಡೆ ಅಕ್ಟೋಬರ್ 5, ಇನ್ನೊಂದು ಕಡೆ ‘ಅಕ್ಟೋಬರ್ ಮೊದಲ ವಾರ’. ಪರಿಶೀಲನೆಗೆ ಒಂದೇ ಸಾಲು: ‘ಸಮಿತಿಯ ತೀರ್ಮಾನವೇ ಅಂತಿಮ’.

ಭಾಷೆಗೆ ಆಮೇಲೆ ಕೈ ಹಾಕಿ. ಮೊದಲು ದಿನಾಂಕಗಳನ್ನು ಹಿಂದಿನಿಂದ ಲೆಕ್ಕ ಹಾಕಿ. ಸಂಕಿರಣ ಡಿಸೆಂಬರ್ 18ಕ್ಕೆ. ಬರುವವರಿಗೆ ರಜೆ, ಟಿಕೆಟ್, ಕೆಲವರಿಗೆ ವೀಸಾ ಆಗಬೇಕು. ಆರು ವಾರವಾದರೂ ಬೇಡವೇ? ಹಾಗಾಗಿ ಫಲಿತಾಂಶ ನವೆಂಬರ್ 5ಕ್ಕೆ. ಅದಕ್ಕೂ ಮೊದಲು ಓದಲು ಮೂರು ವಾರ, ಪರಿಶೀಲಕರಿಗೆ ಹಂಚಲು ಮತ್ತು ಭಿನ್ನಾಭಿಪ್ರಾಯ ಬಗೆಹರಿಸಲು ಹತ್ತು ದಿನ. ಅಲ್ಲಿಗೆ ಸಾರಲೇಖದ ಗಡುವು ಅಕ್ಟೋಬರ್ 5. ಓದುವವರು ಸಾಲುತ್ತಾರಾ ಅಂತಲೂ ನೋಡಿ. 80 ಸಾರಲೇಖ ಬಂದು, ಒಂದೊಂದನ್ನು ಇಬ್ಬರು ಓದಿದರೆ 160 ಓದು. 16 ಜನರಿದ್ದರೆ ತಲಾ ಹತ್ತು. ಐದೇ ಜನರಿದ್ದರೆ ಮೂರು ವಾರದ ಮಾತು ಬರೀ ಕಾಗದದಲ್ಲಿ ಉಳಿಯುತ್ತದೆ.

‘5ರ ಮಧ್ಯರಾತ್ರಿ’ ಎಂದು ಬರೆಯಬೇಡಿ. 5 ಶುರುವಾಗುವಾಗಲೋ ಮುಗಿಯುವಾಗಲೋ ತಿಳಿಯುವುದಿಲ್ಲ. 23:59 ಎಂದು ಬರೆದು, ಯಾವ ಕಾಲವಲಯ ಅಂತಲೂ ಹೇಳಿ. ಬೇರೆ ಬೇರೆ ದೇಶದವರು ಕಳಿಸುವುದಾದರೆ AoE, ಅಂದರೆ ‘ಎನಿವೇರ್ ಆನ್ ಅರ್ತ್’ ಎಂಬ ಕಾಲವಲಯ ಬಳಸಬಹುದು. ಅದು UTC−12, ಅಂದರೆ ಭೂಮಿಯ ಎಲ್ಲಾದರೂ ಒಂದು ಕಡೆ ಆ ದಿನ ಉಳಿದಿರುವವರೆಗೆ ಗಡುವು ಮುಗಿಯುವುದಿಲ್ಲ. ಎಲ್ಲ ದಿನಾಂಕ ಒಂದೇ ಪಟ್ಟಿಯಲ್ಲಿ ಇರಲಿ. ಬೇರೆಡೆ ಮತ್ತೆ ಬರೆದರೆ, ಬದಲಾಯಿಸುವಾಗ ಒಂದು ಉಳಿದೇ ಉಳಿಯುತ್ತದೆ!

ಇನ್ನು ವಿಷಯಗಳು. 26ನ್ನು ನಾಲ್ಕು ಪ್ರಶ್ನೆಗಳಾಗಿ ಕಟ್ಟಿ. ‘ಕೊಳವೆ ಜಾಲ’, ‘ಸೋರಿಕೆ’, ‘ಮೀಟರ್’ ಮೂರೂ ಸೇರಿ ‘ಕೊಳವೆಯಲ್ಲಿ ಹೊರಟ ನೀರು ಮನೆ ಮುಟ್ಟುವ ಮುಂಚೆ ಎಲ್ಲಿ ಹೋಗುತ್ತದೆ?’ ಆಗಲಿ. ಪ್ರಶ್ನೆ ಕಂಡರೆ ‘ನನ್ನ ಹತ್ತಿರ ಇದಕ್ಕೆ ಉತ್ತರ ಇದೆ’ ಅನ್ನಿಸುತ್ತದೆ. ಪಟ್ಟಿಯಲ್ಲಿ ತನ್ನ ಪದ ಹುಡುಕಿ ಸಿಗದವರು ಮಾತ್ರ ಸುಮ್ನೆ ಪುಟ ತಿರುಗಿಸುತ್ತಾರೆ.

ಅರ್ಹತೆಗೆ ‘ಆಸಕ್ತರೆಲ್ಲರೂ’ ಸಾಲದು. ವಿದ್ಯಾರ್ಥಿಗಳು ಕಳಿಸಬಹುದಾ, ಮೊದಲೇ ಪ್ರಕಟವಾದದ್ದು ನಡೆಯುತ್ತದಾ, ಒಬ್ಬರು ಎಷ್ಟು ಕಳಿಸಬಹುದು, ಶುಲ್ಕ ಇದೆಯಾ: ಇಷ್ಟಕ್ಕೆ ನೇರ ಉತ್ತರ ಕೊಡಿ.

ಜನರಿಗೆ ಜಾಸ್ತಿ ಅಳುಕು ಇರುವುದು ಪರಿಶೀಲನೆಯ ಬಗ್ಗೆ. ‘ಸಮಿತಿಯ ತೀರ್ಮಾನ’ದ ಸಾಲು ಹೊಡೆದು ಹಾಕಿ, ಹೀಗೆ ಬರೆಯಿರಿ: ‘ನಿಮ್ಮ ಸಾರಲೇಖವನ್ನು ಇಬ್ಬರು ಓದುತ್ತಾರೆ. ಪ್ರಶ್ನೆ ಸ್ಪಷ್ಟವಿದೆಯೇ, ವಿಧಾನ ಅದಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಇಬ್ಬರ ಅಭಿಪ್ರಾಯ ಬೇರೆಯಾದರೆ ಮೂರನೆಯವರು ಓದುತ್ತಾರೆ. ಆಯ್ಕೆ ಆಗದಿದ್ದರೂ ಟಿಪ್ಪಣಿ ಬರುತ್ತದೆ.’ ಟಿಪ್ಪಣಿ ಕೊಡಲು ಆಗದಿದ್ದರೆ ಆ ಕೊನೆಯ ವಾಕ್ಯ ಬೇಡ. ಬರೆದವರ ಹೆಸರು ಮುಚ್ಚಿ ಓದಿಸುವುದಾದರೆ ಇನ್ನೊಂದು ಸಾಲು ಸೇರಿಸಿ: ಹೆಸರನ್ನು ಮೊದಲ ಪುಟದಿಂದ ತೆಗೆದರೆ ಸಾಲದು, ಫೈಲ್‌ನ ಪ್ರಾಪರ್ಟೀಸ್‌ನಿಂದಲೂ ತೆಗೆಯಬೇಕು. ಹೆಸರು ಅಲ್ಲಿಂದಲೂ ಹೊರಬೀಳಬಹುದು.