ಟ್ಯೂಬಿನೊಳಗೆ ಗಾಳಿ, ನೆಲದಲ್ಲಿ ಏರುಪೇರು

ನೆಲಕ್ಕೆ ಟೈಲ್ಸ್ ಹಾಕಲು ಕೋಣೆಯ ಸುತ್ತ ನೀರಿನ ಟ್ಯೂಬ್ ಹಿಡಿದು, ಮೂಲೆಯಿಂದ ಮೂಲೆಗೆ ಮಟ್ಟದ ಗುರುತು ಹಾಕುತ್ತಾ ಬಂದೆ. ಹೊರಟಲ್ಲಿಗೇ ಮರಳಿದಾಗ ಹೊಸ ಗುರುತು ಹಳೆಯದಕ್ಕಿಂತ ಬೆರಳಗಲ ಕೆಳಗಿತ್ತು. ಮೇಸ್ತ್ರಿ ಟ್ಯೂಬನ್ನು ಬೆಳಕಿಗೆ ಹಿಡಿದು, "ಗಾಳಿ ಸೇರಿದೆ ನೋಡೋ" ಎಂದರು. ಗುಳ್ಳೆ ಹೋಗುವವರೆಗೆ ನೀರು ಹರಿಸಿ ಮತ್ತೆ ಅಳೆದೆ, ಗುರುತು ಕೂಡಿತು.

ಆ ಗುರುತುಗಳಿಂದ ಎಲ್ಲೆಡೆ ಒಂದೇ ಅಳತೆ ಕೆಳಗಿಳಿಸಿ ದಾರ ಕಟ್ಟಿದೆ. ಸಿಮೆಂಟ್ ಒಂದು ಪಾಲು, ಮರಳು ಆರು, ನೀರು ಮುಷ್ಟಿಯಲ್ಲಿ ಉಂಡೆ ನಿಲ್ಲುವಷ್ಟೇ. ಗಾರೆ ಹರಡಿ, ಅಲ್ಯೂಮಿನಿಯಂ ಪಟ್ಟಿಯಿಂದ ಎಳೆದು, ಸಿಮೆಂಟ್ ಹಾಲು ಸುರಿದು ಟೈಲ್ಸ್ ಇಟ್ಟೆ. ದಾರದ ಮಟ್ಟಕ್ಕೆ ಬರುವವರೆಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದೆ. ಒಂದು ಮಾತ್ರ ಟೊಳ್ಳು ಸದ್ದು ಕೊಟ್ಟಿತು. ಎಷ್ಟು ತಟ್ಟಿದರೂ ಅದು ಸರಿಹೋಗುವುದಿಲ್ಲ. ಎತ್ತಿ, ಅಡಿಯಲ್ಲಿ ಗಾರೆ ತುಂಬಿ ಕೂರಿಸಿದೆ. ಪಟ್ಟಿ ಇಟ್ಟು ನೋಡಿದಾಗ ಎಲ್ಲಿಯೂ ಸಂದಿ ಇರಲಿಲ್ಲ.